ಗಾರೆ ಮೇಸ್ತ್ರಿ ಜೊತೆ ಕರಾರು ಮಾಡಿಕೊಂಡ ಅನುಭವ: ಬಟವಾಡೆ, ಕಂತು ಮತ್ತು ಒಂದು ಮಳೆಗಾಲ

ಮೈಸೂರಿನ ಹೊರವಲಯದಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸಿದೆವು. ಗಾರೆ ಮೇಸ್ತ್ರಿಗೆ ಕೊಡಬೇಕಿದ್ದ ಕೊನೆಯ ಹಣವನ್ನು ಹೋದ ವಾರ ಕೊಟ್ಟು ಲೆಕ್ಕ ಚುಕ್ತಾ ಮಾಡಿದೆವು. ಕರಾರು ಬರೆಯುವಾಗ ಯಾರನ್ನು ಕೇಳಿದರೂ ಒಂದೊಂದು ತರಹ ಹೇಳುತ್ತಿದ್ದರು. "ಬರೆದುಕೊಳ್ಳಿ, ಬರೆದುಕೊಳ್ಳಿ" ಅನ್ನುವವರೇ ಎಲ್ಲ. ಏನು ಬರೆಯಬೇಕು ಅಂತ ಹೇಳುವವರು ಸಿಗಲಿಲ್ಲ. ಹಾಗಾಗಿ ನಮಗೆ ಆದದ್ದನ್ನು ಮೊದಲಿಂದ ಬರೆಯುತ್ತಿದ್ದೇನೆ.

ನಮ್ಮದು ಲೇಬರ್ ಕಾಂಟ್ರಾಕ್ಟ್. ಸಿಮೆಂಟ್, ಕಬ್ಬಿಣ, ಎಂ ಸ್ಯಾಂಡ್, ಜಲ್ಲಿ, ಇಟ್ಟಿಗೆ ಎಲ್ಲ ನಾವೇ ತರಿಸುವುದು, ಕೆಲಸ ಮಾತ್ರ ಮೇಸ್ತ್ರಿಯದು. ಚದರಕ್ಕೆ ಇಷ್ಟು ಅಂತ ದರ. ಒಂದು ಚದರ ಅಂದರೆ ನೂರು ಚದರ ಅಡಿ. ಕೆಳಗೆ 9 ಚದರ, ಮೇಲೆ 6 ಚದರ, ಒಟ್ಟು 15 ಚದರದ ಮನೆ.

ಮೊದಲು ಬಂದ ಮೇಸ್ತ್ರಿ ಚದರಕ್ಕೆ 32,000 ಹೇಳಿದರು. ಲೆಕ್ಕ ಹಾಕಿದರೆ 4,80,000. ಖುಷಿಯಾಯಿತು. ಏನೇನು ಸೇರಿದೆ ಅಂತ ಕೇಳುತ್ತಾ ಹೋದಂತೆ ಖುಷಿ ಇಳಿಯಿತು. ಸಂಪು ಬೇರೆ, ಅದಕ್ಕೆ 22,000. ಮೆಟ್ಟಿಲ ಮೇಲಿನ ರೂಮು ಬೇರೆ, 15,000. ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಹಾಕುವ ದಿನ ಮಿಕ್ಸರ್ ಮತ್ತು ವೈಬ್ರೇಟರ್ ಬಾಡಿಗೆ ನಮ್ಮದು, ಎರಡು ಮೋಲ್ಡಿಗೆ ಸುಮಾರು 12,000. ಅಲ್ಲಿಗೆ 5,29,000 ಆಯಿತು. ಎರಡನೆಯವರು ನಂಜನಗೂಡು ಕಡೆಯವರು. ಇವರು ಕೇಳಿದ್ದು 34,000. ಆದರೆ ಸೆಂಟ್ರಿಂಗ್ ಶೀಟು, ಸಾರ್ವೆ, ಮಿಕ್ಸರ್, ಸಂಪು, ಪ್ಯಾರಾಪೆಟ್, ಸಜ್ಜ, ಮೆಟ್ಟಿಲ ರೂಮು ಎಲ್ಲ ಸೇರಿ. ಒಟ್ಟು 5,10,000. ದರ ಜಾಸ್ತಿ, ಮೊತ್ತ ಕಡಿಮೆ. ಹಾಗಾಗಿ ಇವರನ್ನೇ ಒಪ್ಪಿಕೊಂಡೆವು. ದರ ಕೇಳಿ ಒಪ್ಪಿಕೊಳ್ಳುವ ಮೊದಲು "ಇದರಲ್ಲಿ ಏನೇನು ಬರಲ್ಲ?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಏನು ಬರುತ್ತೆ ಅನ್ನುವುದನ್ನು ಅವರೇ ಹೇಳುತ್ತಾರೆ.

ಅಳತೆ ವಿಷಯದಲ್ಲೂ ಮೊದಲೇ ಮಾತಾಡಬೇಕು. ನಮ್ಮ ಬಾಲ್ಕನಿ 60 ಚದರ ಅಡಿ. ಮೇಸ್ತ್ರಿ ಅದನ್ನು ಪೂರ್ತಿ ಲೆಕ್ಕ ಹಿಡಿಯಬೇಕು ಅಂದರು, ನಾವು ಅರ್ಧ ಅಂದೆವು. ಸಣ್ಣ ವಿಷಯ ಅನಿಸುತ್ತೆ, ಆದರೆ ಆ ಅರ್ಧಕ್ಕೇ 10,200 ರೂಪಾಯಿ ವ್ಯತ್ಯಾಸ. ಕೊನೆಗೆ ಅರ್ಧಕ್ಕೆ ಒಪ್ಪಿ, "ನಕ್ಷೆ ಬದಲಾಗದಿದ್ದರೆ 15 ಚದರವೇ ಅಂತಿಮ, ಮತ್ತೆ ಅಳೆಯುವಂತಿಲ್ಲ" ಅಂತ ಒಂದು ಸಾಲು ಸೇರಿಸಿದೆವು. ಕೂಲಿ ಏರಿದರೂ ದರ ಏರುವುದಿಲ್ಲ ಅನ್ನುವುದು ಅದರ ಪಕ್ಕದ ಸಾಲು.

ಆಗ ಆಷಾಢ. ಶ್ರಾವಣಕ್ಕೆ ಗುದ್ದಲಿ ಪೂಜೆ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಕೂತು ಮಾತಾಡಲು ಸಮಯ ಸಿಕ್ಕಿತು. ನಮ್ಮ ಮಾವನವರಿಗೆ ಮಾತ್ರ ಈ ಪತ್ರದ ವಿಷಯವೇ ಇಷ್ಟವಿರಲಿಲ್ಲ. "ಮೇಸ್ತ್ರಿ ಮುಂದೆ ಪೇಪರ್ ಇಟ್ಟರೆ ನಂಬಿಕೆ ಇಲ್ಲ ಅಂತ ಅರ್ಥ ಆಗುತ್ತೆ ಕಣಮ್ಮ" ಅಂದರು. ನನಗೂ ಅಳುಕಿತ್ತು. ಮೇಸ್ತ್ರಿ ಬೇಜಾರು ಮಾಡಿಕೊಂಡು ಹೋದರೆ ಅನ್ನುವ ಭಯದಲ್ಲಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೆ ಮೇಸ್ತ್ರಿ ಹೇಳಿದ್ದೇ ಬೇರೆ. "ಬರೀರಿ ಮೇಡಂ. ಆದ್ರೆ ನಾನು ಹೇಳೋದನ್ನೂ ಬರೀಬೇಕು." ಆ ಮಾತು ನ್ಯಾಯವಾಗಿತ್ತು. ಪತ್ರದ ಅರ್ಧ ಭಾಗ ಅವರ ಕಡೆಯಿಂದಲೇ ಬಂತು.

ಹೆಚ್ಚು ಹೊತ್ತು ಹಿಡಿದದ್ದು ಕಂತುಗಳ ಮಾತು. ಅವರು ಕೇಳಿದ್ದು ಹೀಗೆ: ಅಡ್ವಾನ್ಸ್ ಒಂದು ಲಕ್ಷ, ಪಾಯ ಮುಗಿದಾಗ ಒಂದು ಲಕ್ಷ, ಮೊದಲ ಮೋಲ್ಡಿಗೆ ಒಂದು ಲಕ್ಷ, ಎರಡನೇ ಮೋಲ್ಡಿಗೆ ಒಂದು ಲಕ್ಷ, ಉಳಿದ 1,10,000 ಕೆಲಸ ಮುಗಿದ ಮೇಲೆ. ಕೇಳಲು ಸರಳವಾಗಿದೆ. ನಮ್ಮ ಇಂಜಿನಿಯರ್ ಇದನ್ನು ನೋಡಿ ತಲೆ ಅಲ್ಲಾಡಿಸಿದರು. ಎರಡನೇ ಮೋಲ್ಡ್ ಮುಗಿದಾಗ ನೂರಕ್ಕೆ 78ರಷ್ಟು ಹಣ ಕೈಬಿಟ್ಟಿರುತ್ತೆ. ಆದರೆ ಒಳಗಿನ ಪ್ಲಾಸ್ಟರಿಂಗ್, ಹೊರಗಿನ ಪ್ಲಾಸ್ಟರಿಂಗ್, ಪ್ಯಾರಾಪೆಟ್, ಬಾತ್‌ರೂಮಿನ ಕೆಲಸ ಎಲ್ಲ ಬಾಕಿ. ಜಾಸ್ತಿ ಆಳು, ಜಾಸ್ತಿ ದಿನ ಬೇಡುವ ಕೆಲಸ ಅದೇ. ಉಳಿದ ಹಣ ಅದರ ಕೂಲಿಗೆ ಸಾಲದಿದ್ದರೆ ಮೇಸ್ತ್ರಿ ಇನ್ನೊಂದು ಸೈಟಿನ ಅಡ್ವಾನ್ಸ್ ಹಿಡಿಯುತ್ತಾರೆ. ಆಮೇಲೆ ನಮ್ಮಲ್ಲಿ ಇಬ್ಬರು ಆಳು, ಅಲ್ಲಿ ಹತ್ತು ಆಳು. ಮೋಲ್ಡ್ ಆಗಿ ತಿಂಗಳುಗಟ್ಟಲೆ ಹಾಗೇ ನಿಂತಿರುವ ಮನೆಗಳಲ್ಲಿ ಎಷ್ಟೋ ಕಡೆ ಇದೇ ಕಾರಣ ಅಂತ ಅವರು ಹೇಳಿದರು.

ಹಾಗಾಗಿ ನಾವು ಕಂತುಗಳನ್ನು ಹಿಂದಕ್ಕೆ ತಳ್ಳಿದೆವು. ಅಡ್ವಾನ್ಸ್ 25,000. ಪಾಯದಿಂದ ಪ್ಲಿಂತ್ ಬೀಮ್‌ವರೆಗೆ 75,000. ಕೆಳಗಿನ ಗೋಡೆ, ಲಿಂಟಲ್, ಮೊದಲ ಮೋಲ್ಡ್ ಸೇರಿ 1,00,000. ಮೇಲಿನ ಗೋಡೆ ಮತ್ತು ಎರಡನೇ ಮೋಲ್ಡಿಗೆ 90,000. ಒಳ ಪ್ಲಾಸ್ಟರಿಂಗ್‌ಗೆ 80,000, ಹೊರ ಪ್ಲಾಸ್ಟರಿಂಗ್ ಮತ್ತು ಪ್ಯಾರಾಪೆಟ್‌ಗೆ 70,000. ಬಾತ್‌ರೂಮು, ಸಂಪು, ಸಣ್ಣಪುಟ್ಟ ಬಾಕಿ ಮತ್ತು ಸೈಟ್ ಕ್ಲೀನಿಂಗ್‌ಗೆ 44,500. ನೂರಕ್ಕೆ ಐದರಂತೆ 25,500 ಕೊನೆಯವರೆಗೆ ನಮ್ಮ ಬಳಿ. ಈ ಲೆಕ್ಕದಲ್ಲಿ ಎರಡನೇ ಮೋಲ್ಡಿನ ಹೊತ್ತಿಗೆ ಕೊಟ್ಟಿರುವುದು 2,90,000, ಅಂದರೆ ನೂರಕ್ಕೆ 57.

ಮೇಸ್ತ್ರಿ ಇದನ್ನು ಒಪ್ಪಲಿಲ್ಲ. ಅವರ ಕಷ್ಟ ನಿಜವಾದದ್ದೇ. "ಶನಿವಾರ ಬಂದ್ರೆ ಬಟವಾಡೆ ಮಾಡ್ಬೇಕು ಮೇಡಂ. ಪಾಯ ಮುಗಿಯೋವರೆಗೂ ಕಾಯಿರಿ ಅಂದ್ರೆ ಆಳುಗಳು ಸೋಮವಾರ ಬರ್ತಾರಾ?" ಅಂದರು. ಹಂತದ ಪ್ರಕಾರ ಹಣ ಅಂತ ಬರೆದು, ಶನಿವಾರ ಸಂಜೆ ಅವರು ಕೇಳಿದಾಗಲೆಲ್ಲ ಕೊಡುತ್ತಾ ಹೋದರೆ ಹಂತಕ್ಕೆ ಅರ್ಥವೇ ಇರುವುದಿಲ್ಲ. ಸುಮಾರು ಕರಾರುಗಳು ಸಾಯುವುದೇ ಇಲ್ಲಿ. ಎರಡಕ್ಕೂ ಹೊಂದುವಂತೆ ಇಂಜಿನಿಯರ್ ಒಂದು ದಾರಿ ಹೇಳಿದರು. ಪ್ರತಿ ಶನಿವಾರ ಬಟವಾಡೆಗೆ ಹಣ ಕೊಡುವುದು, ಆದರೆ ಆ ಹಂತದ ಮೊತ್ತದಲ್ಲಿ ನೂರಕ್ಕೆ 70 ಮೀರುವಂತಿಲ್ಲ. ಪಾಯದ ಹಂತದ 75,000ದಲ್ಲಿ ವಾರವಾರಕ್ಕೆ ಸೇರಿ 52,500ವರೆಗೆ ಹೋಗಬಹುದು. ಉಳಿದ 22,500 ಇಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆ. ಇದಕ್ಕೆ ಒಂದು ನೋಟ್‌ಬುಕ್. ತಾರೀಖು, ಮೊತ್ತ, ಯಾವ ಹಂತ, ಇಬ್ಬರ ಸಹಿ. ಹಣ ಆದಷ್ಟೂ ಬ್ಯಾಂಕ್ ಮೂಲಕ. ನಗದು ಕೊಟ್ಟ ವಾರ ನೋಟ್‌ಬುಕ್ಕಿನ ಸಹಿಯೇ ನಮಗೆ ರಸೀದಿ.

"ಹಂತ ಮುಗಿಯಿತು" ಅಂದರೆ ಏನು ಅಂತಲೂ ಬರೆಯಬೇಕಾಯಿತು. ಮೇಸ್ತ್ರಿಗಳ ಪ್ರಕಾರ ಕಾಂಕ್ರೀಟ್ ಸುರಿದ ಸಂಜೆಯೇ ಮೋಲ್ಡ್ ಮುಗಿದಂತೆ. ನಮ್ಮ ಪತ್ರದಲ್ಲಿ ಸೆಂಟ್ರಿಂಗ್ ಬಿಚ್ಚಿ, ಕೆಳಭಾಗ ನೋಡಿದ ಮೇಲೆಯೇ ಮುಗಿದಂತೆ. ಜಲ್ಲಿ ಎದ್ದು ಕಾಣುವ ತೂತುಗಳು, ಕಬ್ಬಿಣ ಇಣುಕುವುದು ಗೊತ್ತಾಗುವುದು ಆಗಲೇ ಅಲ್ವಾ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456ರಲ್ಲಿ ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬ್‌ಗೆ ಕೆಳಗಿಂದ ಕೊಟ್ಟ ಆಸರೆ ಕಂಬಗಳನ್ನು ತೆಗೆಯಲು 7 ದಿನ, ಆರು ಮೀಟರ್‌ವರೆಗಿನ ಬೀಮಿಗೆ 14 ದಿನ ಅಂತ ಇದೆ. ಗೊಂದಲ ಬೇಡ ಅಂತ ನಾವು ಎಲ್ಲದಕ್ಕೂ 14 ದಿನ ಅಂತ ಬರೆದೆವು. ಅಷ್ಟು ದಿನ ನೀರು ನಿಲ್ಲಿಸುವುದು ಯಾರು? ನೀರು ಮತ್ತು ಪೈಪು ನಮ್ಮದು, ಕೆಲಸದ ದಿನ ನೀರು ಹೊಡೆಯುವುದು ಅವರ ಆಳು, ಭಾನುವಾರ ಮತ್ತು ಹಬ್ಬದ ದಿನ ನಾವು. ಇದನ್ನು ಬರೆಯದಿದ್ದರೆ ಇಬ್ಬರೂ ಇನ್ನೊಬ್ಬರು ಹೊಡೆಯುತ್ತಾರೆ ಅಂತ ಸುಮ್ನೆ ಇರುತ್ತಾರೆ.

ಬಾತ್‌ರೂಮಿಗೂ ಇದೇ ತರಹ ಒಂದು ಪರೀಕ್ಷೆ. ವಾಟರ್‌ಪ್ರೂಫಿಂಗ್ ಆದ ಮೇಲೆ, ಮೇಲೆ ಏನೂ ತುಂಬುವ ಮೊದಲು, 48 ಗಂಟೆ ನೀರು ನಿಲ್ಲಿಸಬೇಕು. ಕೆಳಗೆ ಮತ್ತು ಪಕ್ಕದ ಗೋಡೆಯಲ್ಲಿ ತೇವ ಕಾಣಬಾರದು. ಮೇಲಿನ ಬಾತ್‌ರೂಮಿನಲ್ಲಿ ಮೊದಲ ಸಲ ಪೈಪ್ ತೂರಿದ ಜಾಗದಲ್ಲಿ ಕೆಳಗೆ ತೇವ ಕಂಡಿತು. ಒಂದು ದಿನದ ಕೆಲಸದಲ್ಲಿ ಸರಿಹೋಯಿತು. ಟೈಲ್ಸ್ ಹಾಕಿದ ಮೇಲೆ ಗೊತ್ತಾಗಿದ್ದರೆ ಎಲ್ಲ ಒಡೆಯಬೇಕಿತ್ತು.

ಇನ್ನು ಕೆಲಸದ ದೋಷದ ಹೊಣೆ. ಮಾಲು ನಮ್ಮದು, ಕೆಲಸ ಅವರದು ಅಂದಾಗ ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿ "ನಿಮ್ಮ ಎಂ ಸ್ಯಾಂಡ್ ಸರಿ ಇರಲಿಲ್ಲ" ಅನ್ನುತ್ತಾರೆ. ನಾವು "ನಿಮ್ಮ ಕೈ ಸರಿ ಇರಲಿಲ್ಲ" ಅನ್ನುತ್ತೇವೆ. ಆರು ತಿಂಗಳ ಮೇಲೆ ಆ ಎಂ ಸ್ಯಾಂಡ್ ಎಲ್ಲಿಂದ ತಂದು ತೋರಿಸುವುದು? ಇಂಜಿನಿಯರ್ ಹೇಳಿಕೊಟ್ಟ ಈ ಸಾಲು ನಮ್ಮ ಪತ್ರದ ಜೀವಾಳ ಅಂತಲೇ ಹೇಳುತ್ತೇನೆ:

"ಮಾಲೀಕರು ತರಿಸಿದ ಸಾಮಾನು ಸರಿಯಿಲ್ಲ ಎಂದು ಕಂಡರೆ ಮೇಸ್ತ್ರಿಯವರು ಅದನ್ನು ಬಳಸುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದು ತಿಳಿಸಬೇಕು. ಹಾಗೆ ಬರೆದ ಮೇಲೂ ಮಾಲೀಕರು ಅದನ್ನೇ ಬಳಸಲು ಹೇಳಿದರೆ, ಅದರಿಂದ ಬರುವ ದೋಷಕ್ಕೆ ಮೇಸ್ತ್ರಿಯವರು ಹೊಣೆಯಲ್ಲ. ಬರೆಯದೆ ಬಳಸಿದರೆ, ಸಾಮಾನನ್ನು ಒಪ್ಪಿಕೊಂಡಂತೆ."

ಇದು ಇಬ್ಬರನ್ನೂ ಕಾಯುತ್ತದೆ. ಪ್ಲಾಸ್ಟರಿಂಗ್ ಸಮಯದಲ್ಲಿ ಬಂದ ಒಂದು ಲೋಡ್ ಎಂ ಸ್ಯಾಂಡ್‌ನಲ್ಲಿ ಪುಡಿ ಜಾಸ್ತಿ ಇತ್ತು. ಮೇಸ್ತ್ರಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ, ನೀರು ತುಂಬಿ ಕುಲುಕಿ ಇಟ್ಟರು. ತಿಳಿಯಾದ ಮೇಲೆ ಮೇಲ್ಗಡೆ ದಪ್ಪಗೆ ಬೂದಿಯಂಥ ಪದರ ನಿಂತಿತು. ನೋಟ್‌ಬುಕ್ಕಿನಲ್ಲಿ ಬರೆದು ನನಗೆ ಫೋಟೊ ಕಳಿಸಿದರು. ಲೋಡ್ ವಾಪಸ್ ಹೋಯಿತು. ಆ ಸಾಲು ಇಲ್ಲದಿದ್ದರೆ ಅವರು ಹೇಳುತ್ತಿದ್ದರೋ ಇಲ್ಲವೋ.

ಯಾವುದು ದೋಷ ಅಂತಲೂ ಹೆಸರಿಟ್ಟು ಬರೆದೆವು. ತಾರಸಿ ಮತ್ತು ಬಾತ್‌ರೂಮ್ ಸೋರುವುದು, ತಟ್ಟಿದರೆ ಟೊಳ್ಳು ಸದ್ದು ಬರುವ ಪ್ಲಾಸ್ಟರ್, ಕಾಲಂ ಮತ್ತು ಗೋಡೆ ಸೇರುವ ಕಡೆ ಉದ್ದಕ್ಕೆ ಬಿಡುವ ಬಿರುಕು, ನೀರು ಹರಿಯದೆ ನಿಲ್ಲುವ ಇಳಿಜಾರು. ಪ್ಲಾಸ್ಟರ್ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳು ದೋಷದ ಪಟ್ಟಿಯಲ್ಲಿ ಇರಲಿಲ್ಲ, ಅವು ಪೇಂಟಿಗೆ ಮೊದಲು ಹಾಕುವ ಪುಟ್ಟಿಯಲ್ಲಿ ಮುಚ್ಚಿಹೋಗುತ್ತವೆ. ಎಲ್ಲ ಗೀರನ್ನೂ ದೋಷ ಅಂದರೆ ಯಾವ ಮೇಸ್ತ್ರಿಯೂ ಸಹಿ ಹಾಕುವುದಿಲ್ಲ, ಹಾಕಲೂ ಬಾರದು. ಯಾವುದು ಯಾವುದರಲ್ಲಿ ಬರುತ್ತೆ ಅನ್ನುವ ಜಗಳ ಬಂದರೆ ಇಂಜಿನಿಯರ್ ಮಾತೇ ಕೊನೆ.

ಎಷ್ಟು ದಿನದ ಹೊಣೆ? ಎಲ್ಲರೂ ಆರು ತಿಂಗಳು ಅನ್ನುತ್ತಾರೆ. ನಾವೂ ಹಾಗೇ ಬರೆಯಲು ಹೊರಟಿದ್ದೆವು. ಇಂಜಿನಿಯರ್ ಕ್ಯಾಲೆಂಡರ್ ತೋರಿಸಿ ಕೇಳಿದರು, "ಅಕ್ಟೋಬರ್ ಕೊನೆಗೆ ಮುಗಿದ ಮನೆಗೆ ಆರು ತಿಂಗಳು ಅಂದರೆ ಏಪ್ರಿಲ್‌ವರೆಗೆ. ಅಷ್ಟರಲ್ಲಿ ಮಳೆ ಎಲ್ಲಿ?" ತಾರಸಿ ಸೋರುತ್ತಾ, ಗೋಡೆ ನೀರು ಕುಡಿಯುತ್ತಾ ಅಂತ ಮಳೆಯೇ ಹೇಳಬೇಕು. ಮೈಸೂರಿನಲ್ಲಿ ಮೇ ತಿಂಗಳ ಗುಡುಗು ಮಳೆಯೂ ಜೋರು, ಸೆಪ್ಟೆಂಬರ್–ಅಕ್ಟೋಬರ್ ಮಳೆಯೂ ಜೋರು. ನಮ್ಮ ಕೆಲಸ ಮಾರ್ಚ್ ಹೊತ್ತಿಗೆ ಮುಗಿಯುವ ಅಂದಾಜು ಇತ್ತು. ಆದ್ದರಿಂದ ತಿಂಗಳ ಲೆಕ್ಕ ಬಿಟ್ಟು "ಕೆಲಸ ಒಪ್ಪಿಸಿದ ನಂತರ ಬರುವ ನವೆಂಬರ್ 30ರವರೆಗೆ" ಅಂತ ತಾರೀಖು ಹಾಕಿದೆವು. ಕರಾವಳಿ, ಮಲೆನಾಡಿನವರಿಗೆ ಜೂನ್‌ನಿಂದ ಸೆಪ್ಟೆಂಬರ್ ದಾಟಿದರೆ ಸಾಕಾಗಬಹುದು. ನಿಮ್ಮ ಊರಿನ ಮಳೆ ನೋಡಿ ತಾರೀಖು ಹಾಕಿ.

ಇಲ್ಲಿ ಮೇಸ್ತ್ರಿ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು, ಹಿಂದೆ ಒಂದು ಮನೆಯಲ್ಲಿ ಹೀಗೇ ಹಣ ಹಿಡಿದುಕೊಂಡು, ಕೊನೆಗೆ ಫೋನೇ ಎತ್ತಲಿಲ್ಲವಂತೆ. ಆ ಭಯಕ್ಕೂ ಪತ್ರದಲ್ಲಿ ಜಾಗ ಬೇಕು ಅನಿಸಿತು. 25,500ರಲ್ಲಿ ಅರ್ಧ, ಅಂದರೆ 12,750, ಜೂನ್ 30ಕ್ಕೆ, ಮೇ ಮಳೆ ಕಳೆದ ಮೇಲೆ. ಉಳಿದರ್ಧ ನವೆಂಬರ್ 30 ಆಗಿ ಏಳು ದಿನದೊಳಗೆ. ನಾವು ಲಿಖಿತವಾಗಿ ದೋಷ ತಿಳಿಸದಿದ್ದರೆ ಹಣ ಹಿಡಿಯುವಂತಿಲ್ಲ. ವಾಟ್ಸಾಪ್ ಸಂದೇಶ ಮತ್ತು ಫೋಟೊ ಲಿಖಿತ ಅಂತಲೇ ಲೆಕ್ಕ. ತಿಳಿಸಿದ ಹತ್ತು ದಿನದಲ್ಲಿ ಅವರು ಬಂದು ಕೆಲಸ ಶುರು ಮಾಡದಿದ್ದರೆ, ನಾವು ಬೇರೆಯವರಿಂದ ಮಾಡಿಸಿ, ಬಿಲ್ ತೋರಿಸಿ, ಅಷ್ಟನ್ನು ಮಾತ್ರ ಕಳೆಯಬಹುದು. ರಿಪೇರಿಗೆ ಕೂಲಿ ಅವರದು, ಸಾಮಾನು ನಮ್ಮದು.

ತಡವಾದರೆ ದಂಡ ಅಂತ ದಿನಕ್ಕೆ 2,000 ಹಾಕಿ ಎಂದು ಒಬ್ಬ ಬಂಧುಗಳು ಹೇಳಿದ್ದರು. ಪತ್ರ ಟೈಪ್ ಮಾಡಿಕೊಟ್ಟ ವಕೀಲರು ಬೇಡ ಅಂದರು. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಪತ್ರದಲ್ಲಿ ಎಷ್ಟೇ ಬರೆದರೂ ಕೋರ್ಟ್ ಕೊಡಿಸುವುದು ಆ ಮೊತ್ತದೊಳಗೆ ನ್ಯಾಯವಾದ ಪರಿಹಾರವನ್ನು ಮಾತ್ರ. ವಾರಕ್ಕೆ 2,000 ಅಂತ ಬರೆದೆವು, ಅದೂ ಹದಿನೈದು ದಿನದ ವಿನಾಯಿತಿ ನಂತರ. ಮಳೆ ದಿನ, ಸಾಮಾನು ಬಾರದ ದಿನ ಲೆಕ್ಕಕ್ಕಿಲ್ಲ. ಸಾಮಾನು ಇಲ್ಲದೆ ಆಳುಗಳು ಕೂತರೆ ಎರಡನೇ ದಿನದಿಂದ ಅರ್ಧ ಕೂಲಿ ನಾವು ಕೊಡಬೇಕು. ಇದು ಅವರ ಸಾಲು. ಒಂದು ಸಲ ಜಲ್ಲಿ ಲಾರಿ ಬಾರದೆ ನಾವು ಕೊಟ್ಟೆವು ಕೂಡ.

ಪತ್ರ ಕನ್ನಡದಲ್ಲೇ ಇತ್ತು. ಇ-ಸ್ಟಾಂಪ್ ಪೇಪರ್ ಮೇಲೆ ಪ್ರಿಂಟ್, ಪ್ರತಿ ಪುಟಕ್ಕೂ ಇಬ್ಬರ ಸಹಿ, ಇಬ್ಬರು ಸಾಕ್ಷಿ, ಮೇಸ್ತ್ರಿಯ ಆಧಾರ್ ಜೆರಾಕ್ಸ್, ನಕ್ಷೆಯ ಪ್ರತಿಯ ಮೇಲೂ ಸಹಿ. ಸಹಿಗೆ ಮೊದಲು ನಮ್ಮ ಮನೆಯ ಜಗುಲಿಯಲ್ಲಿ ಕೂತು ಪೂರ್ತಿ ಜೋರಾಗಿ ಓದಿದೆವು. ಸ್ಟಾಂಪು, ಟೈಪಿಂಗ್, ವಕೀಲರ ಫೀಸು ಸೇರಿ ಮೂರು ಸಾವಿರದೊಳಗೆ ಆಯಿತು. ಜಾಸ್ತಿ ಖರ್ಚಾದದ್ದು ಇಂಜಿನಿಯರ್‌ಗೆ. ಪ್ರತಿ ಹಂತ ನೋಡಿ ಸಹಿ ಹಾಕಲು 1,500ರಂತೆ ಕೊಟ್ಟೆವು. ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು ಅವರು ಬರಲೇಬೇಕು ಅಂತ ಪತ್ರದಲ್ಲೇ ಇತ್ತು. ಒಳಗೆ ಮುಚ್ಚಿಹೋದ ಕಬ್ಬಿಣವನ್ನು ಆಮೇಲೆ ಯಾವ ಹೊಣೆಯ ಸಾಲೂ ಸರಿ ಮಾಡಲಾರದು.

ತಂಡದ ಆಳುಗಳಿಗೆ ಲೇಬರ್ ಕಾರ್ಡ್ ಇದೆಯಾ ಅಂತ ಅದೇ ದಿನ ಕೇಳಿದೆ. ಅರ್ಧ ಜನಕ್ಕೆ ಇರಲಿಲ್ಲ. 18ರಿಂದ 60 ವಯಸ್ಸಿನ, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ನಮ್ಮ ಸೈಟಿನ ಕೆಲಸದ ದೃಢೀಕರಣಕ್ಕೆ ನಾನೇ ಓಡಾಡಿದೆ. ಸಾರ್ವೆ ಮೇಲೆ ಹತ್ತುವವರಿಗೆ ಅಷ್ಟಾದರೂ ಆಗಲಿ ಅನಿಸಿತು.

ಕೆಲಸ ನಡೆಯುವಾಗ ಕಷ್ಟವೇ ಬರಲಿಲ್ಲ ಅಂತಲ್ಲ. ಮೊದಲ ಮೋಲ್ಡ್ ಆದ ಸ್ವಲ್ಪ ದಿನಕ್ಕೆ ದಸರಾ ಬಂತು. ಊರಿಗೆ ಹೋಗಬೇಕು, ಉಳಿದ 30,000 ಪೂರ್ತಿ ಕೊಡಿ ಅಂತ ಮೇಸ್ತ್ರಿ ಕೇಳಿದರು. ಸೆಂಟ್ರಿಂಗ್ ಇನ್ನೂ ಬಿಚ್ಚಿರಲಿಲ್ಲ. ಹಬ್ಬಕ್ಕೆ ಹೊರಟವರಿಗೆ ಇಲ್ಲ ಅನ್ನಲು ಮನಸ್ಸಾಗಲಿಲ್ಲ, ಪೂರ್ತಿ ಕೊಟ್ಟರೆ ಬರೆದದ್ದಕ್ಕೆ ಬೆಲೆ ಇರುವುದಿಲ್ಲ. ಮುಂದಿನ ಹಂತದ ವಾರದ ಹಣದಲ್ಲಿ 10,000 ಮುಂಚಿತವಾಗಿ ಕೊಟ್ಟು, ಅದೇ ಹಂತದ ಹೆಸರಲ್ಲಿ ನೋಟ್‌ಬುಕ್ಕಿನಲ್ಲಿ ಬರೆದೆ. ಮೋಲ್ಡಿನ 30,000 ಮುಟ್ಟಲಿಲ್ಲ. ಅವರು ಹಬ್ಬ ಮುಗಿಸಿ ಬಂದು ಸೆಂಟ್ರಿಂಗ್ ಬಿಚ್ಚಿದರು, ಒಂದು ಬೀಮಿನ ತಳದಲ್ಲಿ ಜಲ್ಲಿ ಕಾಣುವ ಜಾಗ ಇತ್ತು. ಇಂಜಿನಿಯರ್ ಹೇಳಿದಂತೆ ಸರಿ ಮಾಡಿದ ದಿನವೇ ಹಣ ಹಾಕಿದೆ.

ಮನೆ ಒಪ್ಪಿಸಿದ್ದು ಮಾರ್ಚ್ ಕೊನೆಗೆ. ಮೇ ತಿಂಗಳ ಮಳೆಯಲ್ಲಿ ಏನೂ ಆಗಲಿಲ್ಲ, ಜೂನ್ 30ಕ್ಕೆ 12,750 ಕೊಟ್ಟೆವು. ಅಕ್ಟೋಬರ್‌ನಲ್ಲಿ ರಾತ್ರಿಯಿಡೀ ಮಳೆ ಹಿಡಿದಾಗ ಮೇಲಿನ ರೂಮಿನ ಪಶ್ಚಿಮ ಮೂಲೆಯಲ್ಲಿ ಸೀಲಿಂಗ್ ಹತ್ತಿರ ಅಂಗೈ ಅಗಲದ ತೇವ ಕಾಣಿಸಿತು. ಫೋಟೊ ತೆಗೆದು ತಾರೀಖಿನ ಸಮೇತ ಕಳಿಸಿದೆ. ಮೇಸ್ತ್ರಿ ನಾಲ್ಕನೇ ದಿನ ಬಂದರು. ತಾರಸಿ ಮೇಲೆ ನೋಡಿದರೆ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಗೆ ಗಾರೆಯಿಂದ ಕೊಡುವ ಇಳಿಜಾರು ಆ ಮೂಲೆಯಲ್ಲಿ ಎರಡಡಿ ಬಿಟ್ಟುಹೋಗಿತ್ತು. ನೀರು ಅಲ್ಲೇ ನಿಂತು ಸಂದಿಯಲ್ಲಿ ಇಳಿಯುತ್ತಿತ್ತು. ಯಾರದು ತಪ್ಪು ಅನ್ನುವ ಮಾತೇ ಬರಲಿಲ್ಲ. ಪಟ್ಟಿಯಲ್ಲಿ ಮೊದಲ ದೋಷವೇ ತಾರಸಿ ಸೋರುವುದು. ಮೂಲೆ ಕೆತ್ತಿ, ಹೊಸದಾಗಿ ಇಳಿಜಾರು ಕಟ್ಟಿ, ಒಣಗಿದ ಮೇಲೆ ಅಲ್ಲಿ ಸಣ್ಣ ಕಟ್ಟೆ ಮಾಡಿ ಎರಡು ದಿನ ನೀರು ನಿಲ್ಲಿಸಿ ನೋಡಿದೆವು. ಆಮೇಲೆ ಬಂದ ಮಳೆಗೆ ಗೋಡೆ ಒಣಗೇ ಇತ್ತು. ಸಿಮೆಂಟ್ ಮತ್ತು ವಾಟರ್‌ಪ್ರೂಫಿಂಗ್ ಸಾಮಾನಿಗೆ ನಮಗೆ ಬಿದ್ದದ್ದು 900 ರೂಪಾಯಿ.

ಆರು ತಿಂಗಳು ಅಂತ ಬರೆದಿದ್ದರೆ ಸೆಪ್ಟೆಂಬರ್ ಕೊನೆಗೆ ಅವಧಿ ಮುಗಿದು, ಹಣವೂ ಕೊಟ್ಟಾಗಿ, ಆ ತೇವವನ್ನು ನಾವು ಬೇರೆಯವರ ಕೈಲಿ ಮಾಡಿಸಬೇಕಿತ್ತು.

ಡಿಸೆಂಬರ್ ಮೊದಲ ವಾರ ಉಳಿದ 12,750 ಬ್ಯಾಂಕ್ ಮೂಲಕ ಹಾಕಿದೆವು. ಇಲ್ಲಿ ಇನ್ನೊಂದು ಪುಟ್ಟ ಕಾಗದ ಬೇಕು, ಮರೆಯಬೇಡಿ. ಮೂಲ ಪತ್ರದ ಹಿಂಬದಿಯಲ್ಲಿ "ಈ ಕರಾರಿನ ಪೂರ್ತಿ ಮೊತ್ತ 5,10,000 ರೂಪಾಯಿ ನನಗೆ ಸಂದಿದೆ, ಬಾಕಿ ಏನೂ ಇಲ್ಲ" ಅಂತ ಮೇಸ್ತ್ರಿ ಬರೆದು ಸಹಿ ಹಾಕಿದರು. ಅದರ ಕೆಳಗೆ "ದೋಷ ಸರಿಪಡಿಸಿಕೊಟ್ಟಿದ್ದಾರೆ" ಅಂತ ನಾನು ಬರೆದು ಸಹಿ ಹಾಕಿದೆ. ಒಂದು ಪ್ರತಿ ಅವರಿಗೆ. ಮುಂದಿನ ಸೈಟಿನವರಿಗೆ ತೋರಿಸಲು ಬೇಕು ಅಂತ ಅವರೇ ಕೇಳಿ ತೆಗೆದುಕೊಂಡರು.